‘ಆಯ್ತು’ ಅನ್ನೋ ಮುಂಚೆ

ಮ್ಯಾನೇಜರ್ ಮೀಟಿಂಗ್‌ಗೆ ಕರೆದಾಗ ‘ಆಗಲ್ಲ’ ಅಂದರೆ ಉದ್ಧಟತನ, ‘ಆಯ್ತು’ ಅಂದರೆ ವಿನಯ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೀವಿ. ಆದರೆ ಸಮಯವೇ ಇಲ್ಲದಾಗ ಹೇಳುವ ‘ಆಯ್ತು’ ಏನು ಮಾಡುತ್ತೆ ನೋಡಿ. ಯಾವುದೋ ಒಂದು ಕೆಲಸ ತಡವಾಗೋದು ಆ ಕ್ಷಣಕ್ಕೇ ಖಚಿತವಾಗುತ್ತೆ. ಯಾವುದು ಅನ್ನೋದನ್ನ ನಾವೇ ಗುಟ್ಟಾಗಿ ತೀರ್ಮಾನಿಸ್ತೀವಿ. ಅದರ ಬೆಲೆ ತೆರೋರು, ಆ ಕೆಲಸಕ್ಕಾಗಿ ಕಾಯ್ತಾ ಕೂತ ಇನ್ಯಾರೋ.

ಒಂದು ಲೆಕ್ಕ ಹಾಕೋಣ. ಬುಧವಾರ ಬೆಳಿಗ್ಗೆ. ನಾಳೆ ಸಂಜೆಯೊಳಗೆ ಎರಡು ಕೆಲಸ ಮುಗಿಯಬೇಕು: ಪೇಮೆಂಟ್ ಪೇಜಿನ ದೋಷ ಸರಿಮಾಡೋಕೆ 6 ಗಂಟೆ, ಆಡಿಟ್ ರಿಪೋರ್ಟ್‌ಗೆ 5 ಗಂಟೆ. ಎರಡು ದಿನದ 16 ಗಂಟೆಯಲ್ಲಿ 4 ಗಂಟೆ ಈಗಾಗಲೇ ಮೀಟಿಂಗ್‌ಗಳ ಪಾಲು. ಉಳಿದ 12ರಲ್ಲಿ 11 ಕೆಲಸಕ್ಕೆ ಹೋದರೆ ಕೈಯಲ್ಲಿರೋದು ಒಂದೇ ಗಂಟೆ. ಈಗ ಒಂದೂವರೆ ಗಂಟೆಯ ಹೊಸ ಮೀಟಿಂಗ್ ಬಂತು, ತಯಾರಿಗೆ ಇನ್ನರ್ಧ ಗಂಟೆ. ಒಂದು ಗಂಟೆ ಕಡಿಮೆ ಬಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಅಂತಾರೆ. ಆದರೆ ಹಾಸಿಗೆ ಎಷ್ಟಿದೆ ಅಂತ ಮ್ಯಾನೇಜರ್‌ಗೆ ಗೊತ್ತಾಗೋದು ನಾವು ಹೇಳಿದರೆ ಮಾತ್ರ.

‘ತುಂಬಾ ಬ್ಯುಸಿ ಇದ್ದೀನಿ’ ಅಂದರೆ ಅದು ಗೊಣಗಾಟ. ಅವರೂ ಬ್ಯುಸಿನೇ. ಅವರು ಒಂದೇ ಪದದಲ್ಲಿ ಉತ್ತರಿಸುವ ಹಾಗೆ ಬರೀಬೇಕು: ‘ಮೇಡಂ, ನಾಳೆ ಸಂಜೆಯೊಳಗೆ ಪೇಮೆಂಟ್ ದೋಷ, ರಿಪೋರ್ಟ್ ಎರಡೂ ಮುಗಿಸಬೇಕು. ಈ ಮೀಟಿಂಗ್‌ಗೆ ಬಂದರೆ ಒಂದು ಉಳಿಯುತ್ತೆ. ನನ್ನ ಪ್ರಕಾರ ಮೀಟಿಂಗ್ ಬಿಡಬಹುದು, ನೋಟ್ಸ್ ಓದ್ಕೋತೀನಿ. ಬರಲೇಬೇಕು ಅಂದರೆ ಯಾವುದನ್ನ ಶುಕ್ರವಾರಕ್ಕೆ ಹಾಕಲಿ?’

ಇಲ್ಲಿ ಎರಡು ಜವಾಬ್ದಾರಿ ಬೇರೆಬೇರೆಯಾಗಿವೆ. ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ನಮಗೆ ಗೊತ್ತಿರೋ ಸತ್ಯ, ಅದನ್ನ ಹೇಳೋದು ನಮ್ಮ ಕರ್ತವ್ಯ. ಯಾರನ್ನ ಕಾಯಿಸಬಹುದು ಅನ್ನೋ ತೀರ್ಮಾನ ಅವರದು. ರಿಪೋರ್ಟ್ ಕೇಳಿದವರಿಗೆ ಉತ್ತರ ಕೊಡಬೇಕಾದವರೂ ಅವರೇ.

ಕೆಲವೊಮ್ಮೆ ‘ಎಲ್ಲವೂ ಮುಖ್ಯ’ ಅಂತ ಉತ್ತರ ಬರುತ್ತೆ. ಆಗ ಪ್ರಶ್ನೆ ತಿರುಗಿಸಿ: ‘ಸರಿ ಮೇಡಂ, ಯಾವುದು ಒಂದು ದಿನ ತಡವಾದರೆ ಕಡಿಮೆ ನಷ್ಟ?’ ಮುಖ್ಯವಾದದ್ದನ್ನ ಬಿಟ್ಟುಕೊಡೋಕೆ ಒಪ್ಪದವರೂ ಇದಕ್ಕೆ ಉತ್ತರ ಹೇಳ್ತಾರೆ. ಉತ್ತರವೇ ಬರದಿದ್ದರೆ, ನೀವು ಹಿಡಿದ ಕ್ರಮವನ್ನ ಬರೆದು ತಿಳಿಸಿ, ಬದಲಿಸೋಕೆ ಅವರಿಗೆ ಅವಕಾಶ ಇರಲಿ.

ಈ ಪ್ರಶ್ನೆಗೂ ಒಂದು ಮಿತಿ ಇದೆ. 3 ಗಂಟೆಯ ಕೆಲಸವನ್ನ 6 ಅಂತ ಬರೆದು ಕೇಳಿದರೆ ಅದು ಪ್ರಶ್ನೆಯ ವೇಷ ಹಾಕಿದ ಸುಳ್ಳು. ಹತ್ತು ನಿಮಿಷದ ಪ್ರತಿ ಕೆಲಸಕ್ಕೂ ‘ಯಾವುದು ಮೊದಲು?’ ಅಂತ ಕೇಳಿದರೆ ನಮ್ಮ ವಿವೇಕವನ್ನೇ ಅವರ ತಲೆಗೆ ಕಟ್ಟಿದ ಹಾಗೆ. ಬೇರೆಯವರಿಗೆ ಕೊಟ್ಟ ಮಾತು ತಪ್ಪುವ ಹಂತ ಬಂದಾಗ ಕೇಳಬೇಕು. ಅದೂ ಬುಧವಾರ ಬೆಳಿಗ್ಗೆಯೇ. ಗುರುವಾರ ಸಂಜೆ ಕೇಳಿದರೆ ಆಯ್ಕೆ ಮಾಡೋಕೆ ಏನೂ ಉಳಿದಿರಲ್ಲ.