ಲೇಖಕರ ಸಾಲಿನಲ್ಲಿ ನಿಮ್ಮ ಹೆಸರು

ಪಿಎಚ್‌.ಡಿ. ಮುಗಿಸಿದವರ ಸಿವಿ ಕೈಗೆ ಬಂದರೆ ಅನುಭವಿ ಪ್ರಾಧ್ಯಾಪಕರು ಮೊದಲ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೇರವಾಗಿ ಪ್ರಕಟಣೆಗಳ ಪಟ್ಟಿಗೆ ಹೋಗುತ್ತಾರೆ. ಪೇಪರ್ ಎಷ್ಟಿವೆ ಎಂದು ಎಣಿಸುವ ಮೊದಲು ಅಭ್ಯರ್ಥಿಯ ಹೆಸರು ಲೇಖಕರ ಸಾಲಿನಲ್ಲಿ ಎಲ್ಲಿದೆ ಎಂದು ಹುಡುಕುತ್ತಾರೆ. ಜೀವವಿಜ್ಞಾನಗಳಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸದ ಹೆಚ್ಚಿನ ಭಾರ ಹೊತ್ತವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಗಣಿತದಲ್ಲಿ ಹಾಗಲ್ಲ, ಅಲ್ಲಿ ಹೆಸರುಗಳು ಬಹುಮಟ್ಟಿಗೆ ಅಕ್ಷರಕ್ರಮದಲ್ಲಿ ಬರುತ್ತವೆ. ಬೇರೆ ವಿಭಾಗದವರೂ ಓದುವ ಸಿವಿಯಾದರೆ ಪಟ್ಟಿಯ ತಲೆಯಲ್ಲಿ ಈ ಕ್ರಮವನ್ನು ಒಂದು ಸಾಲಿನಲ್ಲಿ ತಿಳಿಸಿಬಿಡಬೇಕು. ಓದುವವರು ಹುಡುಕುವುದು ಒಂದೇ ಸಂಗತಿ: ಇದರಲ್ಲಿ ನಿನ್ನ ಕೈಯಿಂದ ಆದದ್ದು ಯಾವುದು?

ಕೊಡಗಿನ ಕಾಫಿ ತೋಟಗಳ ಮಣ್ಣಿನ ಶಿಲೀಂಧ್ರಗಳ ಮೇಲೆ ಪಿಎಚ್‌.ಡಿ. ಮಾಡಿದ ಒಬ್ಬ ವಿದ್ಯಾರ್ಥಿನಿಯನ್ನು ಇಟ್ಟುಕೊಂಡು ನೋಡೋಣ. ಹೊರದೇಶದ ಒಂದು ಪ್ರಯೋಗಾಲಯದ ಪೋಸ್ಟ್‌ಡಾಕ್ ಹುದ್ದೆಗೂ ನಮ್ಮದೇ ಒಂದು ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಅವಳು ಒಟ್ಟಿಗೇ ಅರ್ಜಿ ಹಾಕುತ್ತಿದ್ದಾಳೆ. ಸಿವಿಯಲ್ಲಿ ‘ಪ್ರಕಟಣೆಗಳು: 9’ ಎಂದಿದೆ. ಬಿಡಿಸಿ ನೋಡಿದರೆ ಜರ್ನಲ್‌ಗಳಲ್ಲಿ ಅಚ್ಚಾದವು ನಾಲ್ಕು. ಅವುಗಳಲ್ಲಿ ಎರಡಕ್ಕೆ ಅವಳೇ ಮೊದಲ ಲೇಖಕಿ. ಒಂದು ಪರಾಮರ್ಶೆಯಲ್ಲಿದೆ, ಎರಡು ಸಮ್ಮೇಳನದ ಸಾರಾಂಶಗಳು, ಉಳಿದೆರಡು ಇನ್ನೂ ಬರೆಯುತ್ತಿರುವವು. ಎಲ್ಲಕ್ಕೂ ಒಂದೇ ಕ್ರಮಸಂಖ್ಯೆ ಓಡಿದೆ.

ಇಂಥ ಪಟ್ಟಿ ಅಭ್ಯರ್ಥಿಗೆ ಹಾನಿ ಮಾಡುತ್ತದೆ. ಏಳನೆಯದನ್ನು ಜಾಲದಲ್ಲಿ ಹುಡುಕಿ ಸಿಗದೇ ಹೋದ ಓದುಗರು ಒಂದನೆಯದನ್ನೂ ಅನುಮಾನದಿಂದ ನೋಡತೊಡಗುತ್ತಾರೆ. ಹಾಗಾಗಿ ಅಚ್ಚಾದ ನಾಲ್ಕು ಮಾತ್ರ ಮೊದಲ ಭಾಗದಲ್ಲಿರಲಿ, ಪ್ರತಿಯೊಂದಕ್ಕೂ ಡಿಒಐ ಸಂಖ್ಯೆ ಇರಲಿ, ಅವಳ ಹೆಸರು ದಪ್ಪಕ್ಷರದಲ್ಲಿರಲಿ. ಎಲ್ಲ ಲೇಖಕರ ಹೆಸರೂ ಅಚ್ಚಾದ ಕ್ರಮದಲ್ಲೇ ಬರಬೇಕು. ತನ್ನ ಹೆಸರು ಬರೆದು ‘ಮತ್ತು ಇತರರು’ ಎಂದು ಮುಗಿಸಿದರೆ ಐದನೆಯ ಲೇಖಕಿ ಮೊದಲನೆಯವಳಂತೆ ಕಾಣುತ್ತಾಳೆ, ಅದು ಸರಿಯಲ್ಲ. ಪರಾಮರ್ಶೆಯಲ್ಲಿರುವುದು ಬೇರೆ ತಲೆಬರಹದಡಿ ಹೋಗಲಿ. ಅದರ ಪ್ರೀಪ್ರಿಂಟ್ ಇದ್ದರೆ ಕೊಂಡಿಯನ್ನೂ ಕೊಡಬೇಕು, ಏಕೆಂದರೆ ಆಗ ಅದನ್ನು ತೆರೆದು ಓದಬಹುದು. ಸಾರಾಂಶಗಳಿಗೆ ಸಮ್ಮೇಳನಗಳ ಭಾಗವಿದೆ. ಬರೆಯುತ್ತಿರುವ ಎರಡನ್ನು ಪಟ್ಟಿಯಿಂದ ತೆಗೆದು ಮುಂದಿನ ಸಂಶೋಧನೆಯ ಯೋಜನೆಯಲ್ಲಿ ಹೇಳುವುದೇ ಒಳ್ಳೆಯದೆಂದು ನಾನು ನಂಬುತ್ತೇನೆ. ಒಂಬತ್ತು ನಾಲ್ಕಾಯಿತಲ್ಲ ಎಂದು ಅವಳಿಗೆ ಸಂಕಟವಾಗುವುದು ಸಹಜ. ಆದರೆ ಈ ನಾಲ್ಕನ್ನು ಯಾರೂ ಪ್ರಶ್ನಿಸಲಾರರು.

ಪೋಸ್ಟ್‌ಡಾಕ್ ಅರ್ಜಿಗೆ ಇಷ್ಟರಿಂದಲೇ ಆಗದು. ಅದನ್ನು ಓದುವವರು ಹೆಚ್ಚಾಗಿ ಒಬ್ಬರೇ, ಆ ಪ್ರಯೋಗಾಲಯದ ಮುಖ್ಯಸ್ಥರು. ಬಂದವಳು ತಮ್ಮ ಕೆಲಸದ ಯಾವ ಭಾಗವನ್ನು ಹೊತ್ತಾಳು ಎಂಬುದು ಅವರ ಚಿಂತೆ. ಮುಖ್ಯ ಪೇಪರ್‌ಗಳ ಕೆಳಗೆ ಒಂದೆರಡು ವಾಕ್ಯಗಳಲ್ಲಿ ಏನು ತಿಳಿದುಬಂತು, ತಾನು ಏನು ಮಾಡಿದೆ ಎಂದು ಬರೆದರೆ ಅದಕ್ಕೆ ಉತ್ತರ ಸಿಗುತ್ತದೆ. ಉದಾಹರಣೆಗೆ: ‘ನೆರಳಿನ ತೋಟ ಮತ್ತು ಬಯಲು ತೋಟಗಳ ಮಣ್ಣಿನ ಶಿಲೀಂಧ್ರ ಸಮುದಾಯಗಳನ್ನು ಹೋಲಿಸಿದ ಅಧ್ಯಯನ. ಮಾದರಿ ಸಂಗ್ರಹ, ಡಿಎನ್‌ಎ ಬೇರ್ಪಡಿಸುವಿಕೆ, ಅಂಕಿಅಂಶ ವಿಶ್ಲೇಷಣೆ ಮತ್ತು ಮೊದಲ ಕರಡು ನನ್ನದು. ಸೀಕ್ವೆನ್ಸಿಂಗ್ ಹೊರಗಿನ ಸಂಸ್ಥೆಯಲ್ಲಿ ಮಾಡಿಸಿದ್ದು.’

ಈ ಕೊನೆಯ ಮಾತು ಮುಖ್ಯ. ‘ತಿಳಿದಿರುವ ತಂತ್ರಗಳು’ ಎಂಬ ಭಾಗದಲ್ಲಿ ನಮ್ಮ ವಿದ್ಯಾರ್ಥಿಗಳು ಸೀಕ್ವೆನ್ಸಿಂಗ್ ಎಂದು ಬರೆದುಬಿಡುತ್ತಾರೆ. ಮಾಡಿದ್ದು ಮಾದರಿಯನ್ನು ಕೊರಿಯರ್‌ನಲ್ಲಿ ಕಳಿಸಿದ್ದು. ಆನ್‌ಲೈನ್ ಸಂದರ್ಶನದಲ್ಲಿ ಯಂತ್ರದ ಬಗ್ಗೆ ಎರಡನೆಯ ಪ್ರಶ್ನೆ ಬರುತ್ತಲೇ ಮಾತು ನಿಲ್ಲುತ್ತದೆ. ಬಂದ ದತ್ತಾಂಶವನ್ನು ಶುದ್ಧಗೊಳಿಸಿ ವಿಶ್ಲೇಷಿಸಲು ಬರುತ್ತದೆ ಎಂಬ ನಿಜವನ್ನೇ ಬರೆದಿದ್ದರೆ ಅದೇ ಅವರ ಬಲವಾಗುತ್ತಿತ್ತು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಪ್ರತಿ ಪೇಪರಿನ ಮುಂದೆ ಬರೆಯುವ ರೂಢಿಯನ್ನೂ ಈ ಅರ್ಜಿಯಲ್ಲಿ ಬಿಡಬಹುದು. ಆ ಅಂಕಿಯಿಂದ ಒಬ್ಬ ಸಂಶೋಧಕರನ್ನು ಅಳೆಯಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಘೋಷಣೆಗೆ ಹಲವು ದೇಶಗಳ ಸಂಸ್ಥೆಗಳು ಸಹಿ ಹಾಕಿವೆ.

ವಿಶ್ವವಿದ್ಯಾಲಯದ ಅರ್ಜಿ ಬೇರೆ ಕೈಗೆ ಹೋಗುತ್ತದೆ. ಮೊದಲು ಅದನ್ನು ಯುಜಿಸಿಯ 2018ರ ನಿಯಮಾವಳಿಯ ಕೋಷ್ಟಕದ ಎದುರಿಗಿಟ್ಟು ಅಂಕ ಹಾಕುತ್ತಾರೆ. ಆ ಕೋಷ್ಟಕದಲ್ಲಿ ಒಟ್ಟು 100 ಅಂಕ. ಪಿಎಚ್‌.ಡಿ.ಗೆ 30, ಪ್ರಕಟಣೆಗೆ ತಲಾ 2ರಂತೆ ಗರಿಷ್ಠ 10, ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಕಾಲೇಜಿನ ಹುದ್ದೆಯಾದರೆ ಪ್ರಕಟಣೆಯ ಗರಿಷ್ಠ 6ಕ್ಕೆ ಇಳಿಯುತ್ತದೆ, ಅಂದರೆ ಮೂರು ಪೇಪರ್‌ಗೇ ಮುಗಿಯಿತು. ನಮ್ಮ ವಿದ್ಯಾರ್ಥಿನಿಯ ನಾಲ್ಕು ಪೇಪರ್‌ಗೆ ವಿಶ್ವವಿದ್ಯಾಲಯದಲ್ಲಿ 8 ಅಂಕ ಬರಬಹುದು. ಈ ಅಂಕಗಳು ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ. ಆಯ್ಕೆ ನಡೆಯುವುದು ಸಂದರ್ಶನದ ಮೇಲೆ. ಆದರೂ ಇಲ್ಲಿ ತಪ್ಪಿದರೆ ಆ ಬಾಗಿಲೇ ತೆರೆಯುವುದಿಲ್ಲ.

ಬೋಧನೆಯ ಅಂಕ ಸಾಮಾನ್ಯವಾಗಿ ಕೈತಪ್ಪುವುದು ದಿನಾಂಕದಲ್ಲಿ. ಅವಳು ‘2021–2023, ಅತಿಥಿ ಉಪನ್ಯಾಸಕಿ’ ಎಂದು ಬರೆದಿದ್ದಾಳೆ. ಅತಿಥಿ ಉಪನ್ಯಾಸಕರ ನೇಮಕ ಅವಧಿಗಳ ನಡುವೆ ಕಡಿದು ಕಡಿದು ಬರುತ್ತದೆ. ಆದೇಶಪತ್ರಗಳನ್ನು ಜೋಡಿಸಿದರೆ ಸಿಗುವುದು 18 ತಿಂಗಳು. ವರ್ಷಕ್ಕಿಂತ ಕಡಿಮೆಯಾದ ಅವಧಿಯನ್ನು ಅದರ ಪ್ರಮಾಣದಲ್ಲೇ ಲೆಕ್ಕ ಹಾಕುವುದರಿಂದ ಅವಳಿಗೆ ಸಲ್ಲುವುದು 3 ಅಂಕ, 4 ಅಥವಾ 6 ಅಲ್ಲ. ದಿನಾಂಕಗಳನ್ನು ಆದೇಶದಲ್ಲಿರುವಂತೆಯೇ ಬರೆದು ಪ್ರಾಂಶುಪಾಲರಿಂದ ಅನುಭವ ಪ್ರಮಾಣಪತ್ರ ಪಡೆದಿರಬೇಕು. ವರ್ಷಗಳ ನಂತರ ಕೇಳಲು ಹೋದಾಗ ಪ್ರಾಂಶುಪಾಲರು ಬದಲಾಗಿರುತ್ತಾರೆ, ಹಾಜರಿ ಪುಸ್ತಕ ಎಲ್ಲೋ ಇರುತ್ತದೆ. ಸಂದರ್ಶನ ಮಾಡುವವರಿಗೆ ಬೇಕಾದ ವಿವರ ಬೇರೆ: ಯಾವ ಪತ್ರಿಕೆ, ಯಾವ ಸೆಮಿಸ್ಟರ್, ವಾರಕ್ಕೆ ಎಷ್ಟು ಗಂಟೆ, ತರಗತಿಯಲ್ಲಿ ಎಷ್ಟು ಮಕ್ಕಳು, ಪ್ರಯೋಗ ತರಗತಿಗೆ ಏನಾದರೂ ಹೊಸದನ್ನು ಸೇರಿಸಿದಳೇ. ‘ಸಸ್ಯಶಾಸ್ತ್ರ ಬೋಧಿಸಿದ್ದೇನೆ’ ಎಂಬ ಒಂದು ಸಾಲು ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಅನುದಾನದ ಭಾಗದಲ್ಲಿ ಅವಳು ಗೈಡ್‌ ಪಡೆದ ಯೋಜನೆಯ ಹೆಸರನ್ನೂ ಪೂರ್ತಿ ಮೊತ್ತವನ್ನೂ ಬರೆದಿದ್ದಾಳೆ. ಆ ಯೋಜನೆಯಲ್ಲಿ ಅವಳು ಪ್ರಾಜೆಕ್ಟ್ ಫೆಲೋ. ಹಣದ ಹೊಣೆ ಗೈಡ್‌ದು. ಅನುದಾನ ಅಂದರೆ ಸಂಸ್ಥೆ, ಶೀರ್ಷಿಕೆ, ಅವಧಿ, ಮೊತ್ತ, ಇವುಗಳ ಜೊತೆಗೆ ತನ್ನ ಪಾತ್ರ. ಪಾತ್ರ ಕಾಣದಿದ್ದರೆ ಅವಳೇ ಮುಖ್ಯ ಸಂಶೋಧಕಿ ಎಂದು ಓದುವವರು ತಿಳಿಯುತ್ತಾರೆ, ಪರಿಶೀಲಿಸಿದಾಗ ಹಾಗಲ್ಲವೆಂದು ಗೊತ್ತಾಗುತ್ತದೆ. ಅವಳದೇ ಆದದ್ದು ಬೇರೆ ಇದೆ. ಸಿಎಸ್‌ಐಆರ್ ಜೆಆರ್‌ಎಫ್ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಅವಳೇ ಗೆದ್ದದ್ದು. ಅದನ್ನು ‘ಫೆಲೋಶಿಪ್‌ಗಳು’ ಎಂದು ಪ್ರತ್ಯೇಕವಾಗಿ ಮೇಲೆ ಇಡಬೇಕು. ಸಮ್ಮೇಳನಕ್ಕೆ ಹೋಗಲು ಅರ್ಜಿ ಹಾಕಿ ಪಡೆದ ಪ್ರಯಾಣ ನೆರವು, ಮೊತ್ತ ಚಿಕ್ಕದಾದರೂ, ಸ್ಪರ್ಧೆಯಲ್ಲಿ ಬಂದದ್ದು, ಅದೂ ಇರಲಿ. ಗೈಡ್‌ರ ಯೋಜನೆಯ ಪ್ರಸ್ತಾವದಲ್ಲಿ ಮಾದರಿ ಸಂಗ್ರಹದ ಅಧ್ಯಾಯವನ್ನು ನಿಜಕ್ಕೂ ಅವಳೇ ಬರೆದಿದ್ದರೆ ‘ಪ್ರಾಜೆಕ್ಟ್ ಫೆಲೋ, ಪ್ರಸ್ತಾವದ ಕ್ಷೇತ್ರಕಾರ್ಯ ಭಾಗದ ಕರಡು ನನ್ನದು’ ಎಂದು ಬರೆಯಬಹುದು. ಆದರೆ ಮೊದಲು ಗೈಡ್‌ರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು, ಏಕೆಂದರೆ ಶಿಫಾರಸು ಪತ್ರ ಬರೆಯುವವರೂ ಅವರೇ, ಆಯ್ಕೆ ಮಾಡುವವರು ಫೋನ್ ಮಾಡಿ ಕೇಳುವುದೂ ಅವರನ್ನೇ.