ಚಿಕ್ಕಪ್ಪನಿಗೆ ಮುಚ್ಚಿದ ಬಾಗಿಲು

ಒಂದು ಸೋಮವಾರ ಬೆಳಿಗ್ಗೆ ಬೆಂಗಳೂರಿನ ಆಫೀಸಿನಲ್ಲಿ ಕೂತಿದ್ದಾಗ ಊರಿಂದ ಚಿಕ್ಕಪ್ಪನ ಫೋನು ಬಂತು. "ಏನಪ್ಪಾ, ನೀವು ಮಾಡಿರೋ ಸೈಟು ನನ್ನ ಒಳಕ್ಕೇ ಬಿಡ್ತಾ ಇಲ್ಲ. ಇಪ್ಪತ್ನಾಲ್ಕು ಗಂಟೆ ಬಿಟ್ಟು ಬಾ ಅಂತೈತೆ. ಹುಳು ನಾಲ್ಕನೇ ಜ್ವರ ಎದ್ದವೆ, ಇಪ್ಪತ್ನಾಲ್ಕು ಗಂಟೆ ಸೊಪ್ಪಿಲ್ದೆ ಕಾಯ್ತವಾ?"

ನಮ್ಮೂರು ಅಂಬಾಜಿದುರ್ಗದ ಬೆಟ್ಟದ ತಪ್ಪಲಲ್ಲಿದೆ, ಚಿಂತಾಮಣಿ ಕಡೆ. ವೀಕೆಂಡಿಗೆ ಟ್ರೆಕ್ಕಿಂಗ್ ಅಂತ ಬಂದು, ಮೇಲಿನ ಕೋಟೆ ಗೋಡೆ ಹತ್ತಿರ ಫೋಟೋ ತೆಗೆಸಿಕೊಂಡು ಹೋಗೋರಿಗೆ ಕೆಳಗಿನ ಹಿಪ್ಪುನೇರಳೆ ತೋಟಗಳು ಹಸಿರು ಚೌಕಗಳ ಹಾಗೆ ಕಾಣುತ್ತವೆ. ರೇಷ್ಮೆ ಹುಳು ಸಾಕೋರಿಗೆ ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿದ ಮೇಲಿನ ಒಂದು ವಾರವೇ ಮುಖ್ಯ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ಆ ದಿನಗಳಲ್ಲೇ ತಿಂದು ಮುಗಿಸುತ್ತದೆ. ಸ್ವಂತ ತೋಟದ ಸೊಪ್ಪು ಸಾಲದಿದ್ದರೆ ಕೊಂಡು ತರಬೇಕು, ಕೊಳ್ಳೋಕೆ ಕೈಯಲ್ಲಿ ದುಡ್ಡಿರಬೇಕು. ನಾನಾಗ ಕೆಲಸ ಮಾಡುತ್ತಿದ್ದ ಕಂಪನಿ ರೈತರಿಗೆ ಸಣ್ಣ ಸಾಲ ಕೊಡುವ ಒಂದು ಸಂಸ್ಥೆಯ ಸೈಟ್ ನಡೆಸುತ್ತಿತ್ತು. ಚಿಕ್ಕಪ್ಪನ ಸಾಲ ಮಂಜೂರಾಗಿತ್ತು. ಲಾಗಿನ್ ಆಗಿ ಒಂದು ಗುಂಡಿ ಒತ್ತಿದರೆ ದುಡ್ಡು ಖಾತೆಗೆ ಬರುತ್ತಿತ್ತು. ಅವರು ಪಾಸ್‌ವರ್ಡ್ ಐದು ಸಲ ತಪ್ಪು ಹೊಡೆದಿದ್ದರು, ಖಾತೆ ಲಾಕ್ ಆಗಿತ್ತು. ಆ ರೂಲ್ ಬರೆದವನು ನಾನೇ.

ಬರೆದದ್ದು ಇಷ್ಟು:

```
account: 5 fails            -> lock 24 h
ip:      10 fails / 10 min  -> block 1 h
```

ಇದನ್ನು ನಾನು ಯಾಕೆ ಬರೆದೆ ಅಂತ ಹೇಳಬೇಕು. ಅದಕ್ಕೆ ಎರಡು ವಾರ ಮುಂಚೆ ನಮ್ಮ ಲಾಗಿನ್ ಪುಟದ ಮೇಲೆ ಕ್ರೆಡೆನ್ಶಿಯಲ್ ಸ್ಟಫಿಂಗ್ ದಾಳಿ ಶುರುವಾಗಿತ್ತು. ಇನ್ಯಾವುದೋ ಸೈಟಿನಿಂದ ಕದ್ದ ಈಮೇಲ್ ಮತ್ತು ಪಾಸ್‌ವರ್ಡ್ ಜೋಡಿಗಳ ದೊಡ್ಡ ಪಟ್ಟಿ ಇಟ್ಟುಕೊಂಡು, ಪ್ರತಿ ಜೋಡಿಯನ್ನೂ ನಮ್ಮ ಬಾಗಿಲಲ್ಲಿ ತಿರುಗಿಸಿ ನೋಡೋದು, ಅಷ್ಟೆ. ಇಂಥ ಪಟ್ಟಿಗಳಿಗೆ ಬರವಿಲ್ಲ. 2019ರ ಜನವರಿಯಲ್ಲಿ ಬೆಳಕಿಗೆ ಬಂದ 'ಕಲೆಕ್ಷನ್ #1' ಒಂದರಲ್ಲೇ 77 ಕೋಟಿಗೂ ಹೆಚ್ಚು ಈಮೇಲ್ ವಿಳಾಸಗಳಿದ್ದವು. ಒಂದೇ ಪಾಸ್‌ವರ್ಡನ್ನು ಎಲ್ಲಾ ಕಡೆ ಇಟ್ಟುಕೊಳ್ಳುವವರು ನಮ್ಮಲ್ಲಿ ತುಂಬಾ ಜನ ಇರೋದರಿಂದ ಕೆಲವು ಬೀಗ ತೆಗೆದೇ ತೆಗೆಯುತ್ತವೆ. ಸಾವಿರಕ್ಕೆ ಒಂದು ಅಂತಲೇ ಇಟ್ಟುಕೊಳ್ಳಿ. ಇಪ್ಪತ್ತು ಸಾವಿರ ಜೋಡಿ ತಿರುಗಿಸಿದರೆ ಇಪ್ಪತ್ತು ಮನೆ ಸಿಕ್ಕಿದ ಹಾಗೆ.

ಈಗ ಗಮನಿಸಿ. ಈ ಕಳ್ಳ ಒಂದು ಖಾತೆಯ ಮೇಲೆ ಎಷ್ಟು ಸಲ ಪ್ರಯತ್ನ ಮಾಡುತ್ತಾನೆ? ಒಂದೇ ಸಲ. ಅವನು ಪಾಸ್‌ವರ್ಡ್ ಊಹಿಸುತ್ತಿಲ್ಲ, ಗೊತ್ತಿರೋದನ್ನು ಪರೀಕ್ಷೆ ಮಾಡುತ್ತಿದ್ದಾನೆ. ತೆಗೆದರೆ ಒಳಗೆ, ಇಲ್ಲದಿದ್ದರೆ ಮುಂದಿನ ಮನೆ. ಅಂದರೆ 'ಐದು ಸಲ ತಪ್ಪಿದರೆ ಲಾಕ್' ಅನ್ನೋ ನನ್ನ ರೂಲ್ ಅವನನ್ನು ಒಮ್ಮೆಯೂ ಮುಟ್ಟುವುದಿಲ್ಲ. ಐದು ಸಲ ತಪ್ಪುವವನು ಯಾರು? ಕನ್ನಡಕ ಮನೆಯಲ್ಲಿ ಬಿಟ್ಟು ಬಂದವನು, ದೊಡ್ಡಕ್ಷರ ಸಣ್ಣಕ್ಷರದಲ್ಲಿ ಎಡವುವವನು, ಖಾತೆ ನಿಜವಾಗಿಯೂ ತನ್ನದೇ ಆದ್ದರಿಂದ ಬಿಡದೆ ಮತ್ತೆ ಮತ್ತೆ ಪ್ರಯತ್ನಿಸುವವನು. ಆ ವಾರದ ಲಾಗ್ ತೆಗೆದು ನೋಡಿದೆ. ಲಾಕ್ ಆಗಿದ್ದ ಖಾತೆಗಳಲ್ಲಿ ಹೆಚ್ಚಿನವು ಇಂಥವರದ್ದೇ. ಕಳ್ಳ ಹೊಕ್ಕ ಖಾತೆಗಳಲ್ಲಿ ಒಂದೂ ಲಾಕ್ ಆಗಿರಲಿಲ್ಲ.

ಇನ್ನೊಂದು ಅಪಾಯವೂ ಇದೆ. ಲಾಕ್ ಮಾಡುವ ಅಧಿಕಾರವನ್ನು ನಾನು ಬಾಗಿಲ ಹೊರಗೆ ನಿಂತಿರುವ ಎಲ್ಲರ ಕೈಗೂ ಕೊಟ್ಟಿದ್ದೆ. ಚಿಕ್ಕಪ್ಪನ ಲಾಗಿನ್ ಹೆಸರು ಅಂದರೆ ಅವರ ಮೊಬೈಲ್ ನಂಬರು. ಅದು ಗೊತ್ತಿರುವ ಯಾರು ಬೇಕಾದರೂ ದಿನಾ ಐದು ಸಲ ಸುಳ್ಳು ಪಾಸ್‌ವರ್ಡ್ ಹಾಕಿದರೆ ಸಾಕು, ಅವರು ಜನ್ಮದಲ್ಲಿ ಒಳಗೆ ಬರಲಾರರು. ಐದು ಅನ್ನೋ ಸಂಖ್ಯೆಗೂ ಅಂಥಾ ಪಾವಿತ್ರ್ಯವೇನಿಲ್ಲ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಒಂದು ಖಾತೆಗೆ ಸತತ 100 ತಪ್ಪುಗಳನ್ನು ಗರಿಷ್ಠ ಮಿತಿ ಅನ್ನುತ್ತದೆ. ಐದು ಅಂತ ನಾನು ಬರೆದದ್ದು ಎಲ್ಲರೂ ಹಾಗೇ ಬರೆಯುತ್ತಾರೆ ಅಂತ ಮಾತ್ರ.

ಎರಡನೇ ಸಾಲಿನ ಕಥೆ ಇನ್ನೂ ಬೇಜಾರಿನದು. ಚಿಕ್ಕಪ್ಪ ಚಿಂತಾಮಣಿಗೆ ಹೋಗಿ, ಅರ್ಜಿ ತುಂಬಿಕೊಡುವ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದರು. ಅಲ್ಲೂ ಸೈಟು ತೆಗೆಯಲಿಲ್ಲ. ಬೆಳಗ್ಗೆಯಿಂದ ಮೂವತ್ತು ಜನ ರೈತರು ಅದೇ ಅಂಗಡಿಯಿಂದ ಲಾಗಿನ್ ಆಗಿದ್ದರು, ಕೆಲವರು ತಪ್ಪಿದ್ದರು. ಹತ್ತು ತಪ್ಪು ಸೇರಿದ ಕೂಡಲೇ ಅಂಗಡಿಯ ಐಪಿ ವಿಳಾಸಕ್ಕೇ ಬಾಗಿಲು ಮುಚ್ಚಿತ್ತು. ಮೊಬೈಲ್ ಡೇಟಾದಲ್ಲೂ ಇದೇ ಪಾಡು. ವಿಳಾಸಗಳ ಕೊರತೆಯಿಂದ ಮೊಬೈಲ್ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಹಳೇ ಮಾದರಿಯ ಐಪಿ ವಿಳಾಸದ ಹಿಂದೆ ಕೂರಿಸುತ್ತವೆ. ನಮ್ಮ ಸರ್ವರಿಗೆ ಅವರೆಲ್ಲ ಒಬ್ಬನೇ ಮನುಷ್ಯ. ಕಳ್ಳನಾದರೋ ಬಾಡಿಗೆಗೆ ಸಿಗುವ ಸಾವಿರಾರು ಮನೆಗಳ ಇಂಟರ್‌ನೆಟ್ ಸಂಪರ್ಕಗಳ ಮೂಲಕ ಬರುತ್ತಾನೆ, ಒಂದೊಂದರಿಂದ ಎರಡೋ ಮೂರೋ ಪ್ರಯತ್ನ. ಒಂದು ವಿಳಾಸವನ್ನು ಹಂಚಿಕೊಂಡು ಬದುಕುವವನು ಸಿಕ್ಕಿಬೀಳುತ್ತಾನೆ, ಸಾವಿರ ವಿಳಾಸ ಕೊಳ್ಳುವ ಶಕ್ತಿ ಇರುವವನು ತಪ್ಪಿಸಿಕೊಳ್ಳುತ್ತಾನೆ.

ನನ್ನ ಮ್ಯಾನೇಜರ್‌ಗೆ ಇದನ್ನೆಲ್ಲ ಹೇಳಿದಾಗ ಅವರು ಒಂದು ಮಾತು ಅಂದರು: "ನೋಡಿ, ಒಂದಷ್ಟು ಜನಕ್ಕೆ ತೊಂದರೆ ಆಗತ್ತೆ, ಒಪ್ತೀನಿ. ಆದ್ರೆ ತಪ್ಪು ಯಾರದ್ದು? ಒಂದೇ ಪಾಸ್‌ವರ್ಡ್ ಎಲ್ಲಾ ಕಡೆ ಇಟ್ಕೊಂಡೋರದ್ದಲ್ವಾ?"

ಈ ವಾದ ಹೊಸದಲ್ಲ. 2023ರಲ್ಲಿ 23ಆಂಡ್‌ಮಿ ಅನ್ನೋ ಡಿಎನ್‌ಎ ಪರೀಕ್ಷೆಯ ಕಂಪನಿಯಲ್ಲಿ ಇದೇ ಥರದ ದಾಳಿ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ತನಕ ನಿಧಾನವಾಗಿ ನಡೆಯಿತು. ನೇರವಾಗಿ ಬೀಗ ತೆಗೆದದ್ದು ಸುಮಾರು 14,000 ಖಾತೆಗಳದ್ದು. ಆದರೆ ನೆಂಟರನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಹೊರಹೋಯಿತು. ಬಳಕೆದಾರರೇ ಅಜಾಗರೂಕತೆಯಿಂದ ಹಳೇ ಪಾಸ್‌ವರ್ಡ್ ಮತ್ತೆ ಬಳಸಿದರು ಅಂತ ಕಂಪನಿಯ ವಕೀಲರು ಪತ್ರ ಬರೆದರು. ಆ 14,000 ಜನರ ಮಟ್ಟಿಗೆ ಅದರಲ್ಲಿ ನಿಜ ಇರಬಹುದು. ಉಳಿದ ಲಕ್ಷಾಂತರ ಜನ ಏನೂ ಮಾಡಿರಲಿಲ್ಲವಲ್ಲ? ಎಲ್ಲಾ ಖಾತೆಗೂ ಎರಡನೇ ಹಂತದ ಪರಿಶೀಲನೆಯನ್ನು ಕಂಪನಿ ಕಡ್ಡಾಯ ಮಾಡಿದ್ದು ಆ ವರ್ಷ ನವೆಂಬರಿನಲ್ಲಿ, ಎಲ್ಲ ಮುಗಿದ ಮೇಲೆ.

ನನಗೆ ಅನಿಸುವುದು ಇದು. ಜನ ಪಾಸ್‌ವರ್ಡ್ ಮತ್ತೆ ಬಳಸುತ್ತಾರೆ ಅನ್ನೋದು ಬಾಗಿಲು ಕಟ್ಟುವವನಿಗೆ ಮೊದಲೇ ಗೊತ್ತು. ಅದು ಚಿಕ್ಕಪ್ಪನಿಗೆ ಗೊತ್ತಿಲ್ಲ. ಗೊತ್ತಿರುವವನು ಗೊತ್ತಿಲ್ಲದವನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಹಾಗಂತ ಎಲ್ಲರಿಗೂ ಬಾಗಿಲು ತೆರೆದಿಡುವುದೂ ನ್ಯಾಯವಲ್ಲ, ಆ ಇಪ್ಪತ್ತು ಮನೆಗಳಲ್ಲಿ ಚಿಕ್ಕಪ್ಪನ ಮನೆಯೂ ಇರಬಹುದು. ಪ್ರಶ್ನೆ ಏನಂದರೆ, ನಾವು ಗುರುತು ಹಿಡಿಯುವುದರಲ್ಲಿ ತಪ್ಪಿದಾಗ ಅದರ ಬೆಲೆ ಯಾರು ಕೊಡಬೇಕು, ಎಷ್ಟು ಕೊಡಬೇಕು.

ಅವತ್ತು ಫೋನಿನಲ್ಲಿ ಚಿಕ್ಕಪ್ಪ ಕೇಳಿದ್ದು ಇನ್ನೂ ಒಂದಿತ್ತು. "ದಿನಾ ಇದೇ ಫೋನಿಂದ ಬರ್ತೀನಲ್ಲಪ್ಪಾ, ನಿಮ್ ಮಿಷನ್ನಿಗೆ ನನ್ ಗುರುತು ಸಿಗಲ್ವಾ?" ಉತ್ತರ ಅಲ್ಲೇ ಇತ್ತು. ಒಂದು ಸಲ ಸರಿಯಾಗಿ ಲಾಗಿನ್ ಆದ ಬ್ರೌಸರಿನಲ್ಲಿ ಸರ್ವರ್ ತನ್ನ ಸಹಿ ಹಾಕಿದ ಒಂದು ಗುರುತಿನ ಚೀಟಿ ಬಿಡಬಹುದು. ಇದಕ್ಕೆ ಡಿವೈಸ್ ಕುಕಿ ಅನ್ನುತ್ತಾರೆ. ಮುಂದೆ ಆ ಚೀಟಿ ತಂದವರ ತಪ್ಪುಗಳನ್ನು ಬೇರೆ ಲೆಕ್ಕದಲ್ಲಿ, ಧಾರಾಳವಾಗಿ ಎಣಿಸಬಹುದು. ಹೊರಗಿನ ಯಾರೋ ಎಷ್ಟೇ ಸುಳ್ಳು ಪಾಸ್‌ವರ್ಡ್ ಹಾಕಲಿ, ಮುಚ್ಚುವುದು ಚೀಟಿ ಇಲ್ಲದವರ ಬಾಗಿಲು ಮಾತ್ರ. ಚಿಕ್ಕಪ್ಪನ ಬಾಗಿಲು ತೆರೆದೇ ಇರುತ್ತದೆ. ನಾವು ಬದಲಾಯಿಸಿದ ರೂಲ್ ಹೀಗಾಯಿತು:

```
account + known device:  20 fails / h -> OTP
account + new devices:    5 fails / h -> OTP
new device, correct pw:  always OTP
source: many accounts, few successes -> slow down
```

ಲಾಕ್ ಅನ್ನೋ ಪದವೇ ಇಲ್ಲ ನೋಡಿ. ಮಿತಿ ಮೀರಿದವನಿಗೆ ಬಾಗಿಲು ಮುಚ್ಚುವ ಬದಲು ಇನ್ನೊಂದು ಪ್ರಶ್ನೆ ಕೇಳುತ್ತೇವೆ. ಸ್ಟಫಿಂಗ್ ಮಾಡುವವನನ್ನು ನಿಜವಾಗಿ ತಡೆಯುವುದು ಮೂರನೇ ಸಾಲು, ಯಾಕಂದರೆ ಅವನ ಕೈಯಲ್ಲಿರೋದು ಸರಿಯಾದ ಪಾಸ್‌ವರ್ಡೇ. ಅದರ ಜೊತೆಗೆ ಹೊಸ ಪಾಸ್‌ವರ್ಡ್ ಇಡುವಾಗಲೇ ಸೋರಿಹೋದ ಪಟ್ಟಿಗಳಲ್ಲಿ ಅದು ಇದೆಯಾ ಅಂತ ನೋಡಿ, ಇದ್ದರೆ ಬೇಡ ಅನ್ನುತ್ತೇವೆ. ನಾಲ್ಕನೇ ಸಾಲು ತಪ್ಪುಗಳನ್ನಲ್ಲ, ಅನುಪಾತವನ್ನು ನೋಡುತ್ತದೆ. ಅಂಗಡಿಯಿಂದ ಬಂದ ಮೂವತ್ತು ಜನರಲ್ಲಿ ಇಪ್ಪತ್ತೈದು ಜನ ಕೊನೆಗೆ ಒಳಗೆ ಬರುತ್ತಾರೆ. ಕಳ್ಳನ ಸಾವಿರದಲ್ಲಿ ಬರುವುದು ಒಬ್ಬ.

ಇದರಲ್ಲೂ ತೂತುಗಳಿವೆ. ಕಳ್ಳ ತನ್ನವೇ ನಾಲ್ಕು ಖಾತೆ ಮಾಡಿಕೊಂಡು, ನಡುನಡುವೆ ಸರಿಯಾಗಿ ಲಾಗಿನ್ ಆಗಿ ಅನುಪಾತವನ್ನೇ ಕೆಡಿಸಬಹುದು. ಎರಡೇ ಪ್ರಯತ್ನ ಮಾಡಿ ಹೋಗುವ ವಿಳಾಸದಲ್ಲಿ ಅನುಪಾತ ಏನೂ ಹೇಳುವುದೂ ಇಲ್ಲ. ಓಟಿಪಿಯ ಭಾರವೂ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ನಮ್ಮೂರಲ್ಲಿ ಎಷ್ಟೋ ಜನರ ಖಾತೆಗೆ ಜೋಡಿಸಿರುವ ನಂಬರು ಬೆಂಗಳೂರಲ್ಲಿರೋ ಮಗನ ಜೇಬಿನಲ್ಲಿದೆ, ಅವನು ಮೀಟಿಂಗಿನಲ್ಲಿದ್ದರೆ ಅಪ್ಪ ಹೊರಗೇ ನಿಲ್ಲಬೇಕು. ಆದರೆ ಅದು ಒಂದು ಗಂಟೆಯ ಕಾಯುವಿಕೆ, ಒಂದು ದಿನದ್ದಲ್ಲ. ಹೊಸ ಸಾಧನಕ್ಕೆ ಒಂದು ಸಲ ಮಾತ್ರ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ನಮ್ಮ ವಾರದ ವರದಿಯಲ್ಲಿ. ಮೊದಲು ಅದರಲ್ಲಿ 'ತಡೆದ ಪ್ರಯತ್ನಗಳು' ಅನ್ನೋ ಒಂದೇ ಅಂಕಣ ಇತ್ತು, ಸಂಖ್ಯೆ ದೊಡ್ಡದಾದಷ್ಟೂ ನಮಗೆ ಖುಷಿ. ಚಿಕ್ಕಪ್ಪನ ಐದು ತಪ್ಪುಗಳೂ ಅದರಲ್ಲಿ ನಮ್ಮ ಸಾಧನೆಯಾಗಿ ಸೇರಿಕೊಂಡಿದ್ದವು! ಈಗ ಪಕ್ಕದಲ್ಲಿ ಇನ್ನೊಂದು ಅಂಕಣ ಇದೆ: ನಾವು ತಡೆದ ಖಾತೆಗಳಲ್ಲಿ ಎಷ್ಟು ಖಾತೆಗಳ ಮಾಲೀಕರು ಮುಂದಿನ ಒಂದು ದಿನದಲ್ಲಿ, ಗುರುತಿರುವ ಸಾಧನದಿಂದಲೇ, ಸರಿಯಾಗಿ ಲಾಗಿನ್ ಆದರು? ಅವರಲ್ಲಿ ಹೆಚ್ಚಿನವರು ನಾವು ತಪ್ಪಾಗಿ ತಡೆದವರು. ಬೇಸತ್ತು ವಾಪಸ್ಸು ಬರದೇ ಹೋದವರು ಈ ಲೆಕ್ಕಕ್ಕೂ ಸಿಗುವುದಿಲ್ಲ, ಅದು ನೆನಪಿರಬೇಕು. ಆದರೂ ರೂಲ್ ಬಿಗಿ ಮಾಡೋಣ ಅಂತ ಯಾರಾದರೂ ಅಂದಾಗ ಈಗ ಎರಡು ಸಂಖ್ಯೆಗಳನ್ನೂ ಒಟ್ಟಿಗೆ ನೋಡಿ ಮಾತಾಡುತ್ತೇವೆ.

ಚಿಕ್ಕಪ್ಪ ಅವತ್ತು ಪಕ್ಕದ ತೋಟದವರ ಹತ್ತಿರ ಸಾಲಕ್ಕೆ ಸೊಪ್ಪು ತಂದರು, ಹುಳು ಉಳಿದವು. ಅವರು ಸೊಪ್ಪು ಕೊಡುವಾಗ ಪಾಸ್‌ವರ್ಡ್ ಕೇಳಲಿಲ್ಲ, ಗುರುತಿತ್ತು. ಆಮೇಲೆ ಊರಿಗೆ ಹೋದಾಗ ಚಿಕ್ಕಪ್ಪನ ಫೋನಿನಲ್ಲಿ ಹೊಸ ಪಾಸ್‌ವರ್ಡ್ ಹಾಕಿಕೊಟ್ಟೆ. ಹಳೆಯದು ಅವರ ಹಸುವಿನ ಹೆಸರು, ಅದೇ ಎಲ್ಲಾ ಕಡೆ. ಸೋರಿಹೋದ ಪಟ್ಟಿಯಲ್ಲಿ ಹುಡುಕಿದೆ. ಇತ್ತು.