ಬಿಡಿಸದೆ ಓದಿದ ಸಮೀಕರಣ

ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಮೇಲಿನಿಂದ ಇಳಿಬಿಟ್ಟು, ಅದರ ತುದಿಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ಅಯಸ್ಕಾಂತ ಇಟ್ಟರೆ ಪಟ್ಟಿ ನೆಟ್ಟಗೆ ನಿಲ್ಲುವುದಿಲ್ಲ. ಯಾವುದಾದರೂ ಒಂದರ ಕಡೆ ವಾಲಿಕೊಳ್ಳುತ್ತದೆ. ಫ್ರಾನ್ಸಿಸ್ ಮೂನ್ ಮತ್ತು ಫಿಲಿಪ್ ಹೋಮ್ಸ್ 1979ರಲ್ಲಿ ಇಂಥ ಪಟ್ಟಿಯನ್ನು ಅಲುಗಿಸಿ ಅಭ್ಯಾಸ ಮಾಡಿದ್ದರು. ಹೊರಗಿನ ಅಲುಗಾಟವನ್ನೂ ಘರ್ಷಣೆಯನ್ನೂ ತೆಗೆದುಬಿಟ್ಟರೆ ಉಳಿಯುವ ಸರಳ ಮಾದರಿ x'' = x − x³. ಇಲ್ಲಿ x ಎಂದರೆ ತುದಿ ನಡುವಿನಿಂದ ಸರಿದ ದೂರ.

ಈ ಸಮೀಕರಣವನ್ನು ಬಿಡಿಸದೆಯೇ ಪಟ್ಟಿ ಏನೇನು ಮಾಡಬಲ್ಲದೆಂದು ಹೇಳಬಹುದು. ಅದಕ್ಕೆ ಬೇಕಾದದ್ದು ಪ್ರಚ್ಛನ್ನ ಶಕ್ತಿಯ ರೇಖೆ, V = x⁴/4 − x²/2. ಇದರಲ್ಲಿ x = 1 ಮತ್ತು x = −1ರಲ್ಲಿ ಎರಡು ಕಣಿವೆಗಳಿವೆ, ಆಳ −1/4. ನಡುವೆ ಸೊನ್ನೆಯ ಎತ್ತರದಲ್ಲಿ ಒಂದು ದಿಬ್ಬ.

ಒಟ್ಟು ಶಕ್ತಿ ಬದಲಾಗುವುದಿಲ್ಲ: v²/2 + V = E. ಹಾಗಾಗಿ E ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಗೆರೆಗೂ ರೇಖೆಗೂ ನಡುವಿನ ಅಂತರವೇ ಚಲನ ಶಕ್ತಿ. ಅಂತರ ಹೆಚ್ಚಿದ್ದಲ್ಲಿ ವೇಗ ಹೆಚ್ಚು. ಅಂತರ ಮುಗಿದಲ್ಲಿ ಪಟ್ಟಿ ಕ್ಷಣ ನಿಂತು ಹಿಂದಿರುಗುತ್ತದೆ. ಅಡ್ಡಕ್ಕೆ x, ನೆಟ್ಟಗೆ v ಇಟ್ಟು ಪ್ರತಿ E ಬೆಲೆಗೂ ಹೀಗೆ ಬರೆದ ಗೆರೆಗಳ ಚಿತ್ರವೇ ಫೇಸ್ ಪೋರ್ಟ್ರೇಟ್. ಮೇಲಿನ ಅರ್ಧದಲ್ಲಿ ಚಲನೆ ಬಲಕ್ಕೆ, ಕೆಳಗಿನದರಲ್ಲಿ ಎಡಕ್ಕೆ.

ಪಟ್ಟಿಯನ್ನು 1.2ರವರೆಗೆ ಎಳೆದು ಬಿಡಿ. ಆಗ E ಸುಮಾರು −0.20, ದಿಬ್ಬಕ್ಕಿಂತ ಕೆಳಗೆ. ತುದಿ 0.75ರ ಹತ್ತಿರ ತಿರುಗಿ ವಾಪಸಾಗುತ್ತದೆ. ಚಿತ್ರದಲ್ಲಿ ಬಲಗಣಿವೆಯ ಸುತ್ತ ಸಣ್ಣದೊಂದು ಮುಚ್ಚಿದ ಸುತ್ತು. 1.5ರಿಂದ ಬಿಟ್ಟರೆ E ಸುಮಾರು 0.14. ಪಟ್ಟಿ ದಿಬ್ಬ ದಾಟಿ −1.5ರವರೆಗೆ ಹೋಗುತ್ತದೆ, ಈ ದೊಡ್ಡ ಸುತ್ತು ಎರಡೂ ಕಣಿವೆಗಳನ್ನು ಒಳಗಿಟ್ಟುಕೊಂಡಿದೆ.

ಇವೆರಡರ ನಡುವಿನ ಗಡಿ E = 0, ಅಂದರೆ √2ರಿಂದ ಬಿಟ್ಟ ಪಟ್ಟಿ. ಅದರ ಶಕ್ತಿ ದಿಬ್ಬದ ನೆತ್ತಿಗೆ ಸರಿಯಾಗಿ ಸಾಕು, ಹೆಚ್ಚಿಲ್ಲ. ನೆತ್ತಿ ಸಮೀಪಿಸಿದಂತೆ ವೇಗ ಇಳಿಯುತ್ತ ಹೋಗಿ, ಎಷ್ಟು ಕಾಲ ಕಳೆದರೂ ಪಟ್ಟಿ ಅಲ್ಲಿಗೆ ಮುಟ್ಟುವುದಿಲ್ಲ. ಅತ್ತಿತ್ತಲಿನ ಈ ಎರಡು ಗೆರೆಗಳು ಸೇರಿ ಅಡ್ಡ ಮಲಗಿಸಿದ 8ರಂತೆ ಕಾಣುತ್ತವೆ. ಒಂದು ಕಣಿವೆಯಲ್ಲೇ ಉಳಿಯುವ ಚಲನೆಯನ್ನೂ ಎರಡನ್ನೂ ಸುತ್ತುವ ಚಲನೆಯನ್ನೂ ಬೇರ್ಪಡಿಸುವುದು ಇದೇ.

ಒಂದು ಎಚ್ಚರ: ನಿಜವಾದ ಪಟ್ಟಿಗೆ ಘರ್ಷಣೆ ಇದ್ದೇ ಇರುತ್ತದೆ. ಅಳತೆ ಮಾಡಿದಾಗ 1.5ರಿಂದ ಹೊರಟ ತುದಿ −1.5ಕ್ಕಿಂತ ಮೊದಲೇ ತಿರುಗಿದರೆ ಶಕ್ತಿ ಸೋರುತ್ತಿದೆ ಎಂದೇ ಅರ್ಥ. ಆಗ ಸುತ್ತುಗಳು ಮುಚ್ಚಿಕೊಳ್ಳದೆ ಸುರುಳಿಗಳಾಗುತ್ತವೆ. 8ರ ಹೊರಗಿದ್ದ ಗೆರೆ ಒಳಗೆ ಜಾರುತ್ತದೆ. ಅದು ಯಾವ ಕಣಿವೆಗೆ ಬೀಳುತ್ತದೆಂದು V ರೇಖೆಯೊಂದೇ ಹೇಳಲಾರದು; ದಿಬ್ಬದ ಬಳಿ ಬಂದಾಗ ಎಷ್ಟು ಶಕ್ತಿ ಉಳಿದಿತ್ತೆಂದು ಕೇಳಬೇಕು.